ಜನವರಿ–ಮಾರ್ಚ್ 2025 ತ್ರೈಮಾಸಿಕ: ಹೂಡಿಕೆದಾರರಿಗೆ ಪತ್ರ

ಬೆಂಗಳೂರು, 3 ಏಪ್ರಿಲ್ 2025

ಮಾನ್ಯರೇ,

ಈ ತ್ರೈಮಾಸಿಕದಲ್ಲಿ ನಮ್ಮ ಮೊಮೆಂಟಮ್ ಪೋರ್ಟ್‌ಫೋಲಿಯೊ ಶುಲ್ಕ ಕಳೆದು 9.8% ನಷ್ಟ ಮಾಡಿದೆ. ಡಿಸೆಂಬರ್ 31ರಂದು 50 ಲಕ್ಷ ಇದ್ದ ಖಾತೆಯಲ್ಲಿ ಈಗ ಸುಮಾರು 45.1 ಲಕ್ಷ ಇದೆ. ಅದು ಮತ್ತೆ 50 ಲಕ್ಷ ಆಗಬೇಕಾದರೆ 9.8% ಸಾಲದು, 10.9% ಏರಬೇಕು. ಅದೇ ಮೂರು ತಿಂಗಳಲ್ಲಿ ನಿಫ್ಟಿ 23,645ರಿಂದ 23,519ಕ್ಕೆ ಬಂದಿದೆ, ಅಂದರೆ ಅರ್ಧ ಪರ್ಸೆಂಟ್ ಇಳಿಕೆ. "ಮಾರುಕಟ್ಟೆ ಇದ್ದಲ್ಲೇ ಇದೆ, ನಮ್ಮ ದುಡ್ಡು ಮಾತ್ರ ಏಕೆ ಕರಗಿತು?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ತಿಂಗಳುವಾರು ಲೆಕ್ಕ ಹೀಗಿದೆ: ಜನವರಿ ‑5.9%, ಫೆಬ್ರವರಿ ‑6.6%, ಮಾರ್ಚ್ +2.6%.

ಜನವರಿಯ ಪೆಟ್ಟು ಶೇರುಗಳ ಆಯ್ಕೆಯಿಂದ ಬಿದ್ದದ್ದು. ನಿಫ್ಟಿ 500ರಲ್ಲಿ ಹಿಂದಿನ 6 ಮತ್ತು 12 ತಿಂಗಳ ಏರಿಕೆಯನ್ನು (ಕೊನೆಯ ತಿಂಗಳು ಬಿಟ್ಟು) ಏರಿಳಿತದಿಂದ ಭಾಗಿಸಿ, ಮೇಲಿನ 30 ಶೇರುಗಳನ್ನು ಸಮಪಾಲಿನಲ್ಲಿ ಇಟ್ಟುಕೊಳ್ಳುತ್ತೇವೆ. ಒಂದೇ ವಲಯದಿಂದ ಆರಕ್ಕಿಂತ ಹೆಚ್ಚಿಲ್ಲ. ರ‍್ಯಾಂಕ್ 60ರ ಕೆಳಗೆ ಜಾರಿದ್ದು ತಿಂಗಳ ಆರಂಭದಲ್ಲಿ ಹೊರಗೆ. ಹಾಗಾಗಿ ವರ್ಷದ ಕೊನೆಯಲ್ಲಿ ನಮ್ಮ ಕೈಯಲ್ಲಿದ್ದದ್ದು 2024ರಲ್ಲಿ ಓಡಿದ್ದ ಶೇರುಗಳು: ರಿಯಲ್ ಎಸ್ಟೇಟ್, ಗ್ರಾಹಕ ಎಲೆಕ್ಟ್ರಾನಿಕ್ಸ್, ಶೇರು ವಹಿವಾಟನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳು. ವಿದೇಶಿ ಹೂಡಿಕೆದಾರರು ಜನವರಿ ಒಂದರಲ್ಲೇ ಸುಮಾರು 78 ಸಾವಿರ ಕೋಟಿ ರೂಪಾಯಿಯ ಶೇರು ಮಾರಿದರು. ಲಾಭ ಹೆಚ್ಚಿದ್ದ ಕಡೆಯಿಂದಲೇ ಎಲ್ಲರೂ ಮೊದಲು ದುಡ್ಡು ತೆಗೆಯುವುದು, ಅಲ್ಲೇ ನಾವಿದ್ದೆವು.

ಇನ್ನು ಎರಡನೆಯ ನಿಯಮ. ನಿಫ್ಟಿ ಸತತ ಎರಡು ತಿಂಗಳ ಕೊನೆಯಲ್ಲಿ ತನ್ನ 200 ದಿನದ ಸರಾಸರಿಗಿಂತ ಕೆಳಗೆ ಮುಗಿದರೆ ಶೇರುಗಳನ್ನು ಅರ್ಧಕ್ಕೆ ಇಳಿಸಿ ಉಳಿದದ್ದನ್ನು ಲಿಕ್ವಿಡ್ ಫಂಡ್‌ಗೆ ಹಾಕುತ್ತೇವೆ. ಸರಾಸರಿಗಿಂತ ಮೇಲೆ ಒಂದು ತಿಂಗಳು ಮುಗಿದರೆ ಮತ್ತೆ ಪೂರ್ತಿ ಒಳಗೆ. ಡಿಸೆಂಬರ್ ಕೆಳಗೆ ಮುಗಿಯಿತು, ಜನವರಿಯೂ ಮುಗಿಯಿತು. ಆರ್ಡರ್‌ಗಳನ್ನು ತಿಂಗಳ ಮೊದಲ ಮೂರು ವಹಿವಾಟಿನ ದಿನಗಳಿಗೆ ಹಂಚುವ ಪದ್ಧತಿಯಂತೆ ಫೆಬ್ರವರಿ 1, 3 ಮತ್ತು 4ರಂದು ಮಾರಿದೆವು. ಫೆಬ್ರವರಿ 1 ಶನಿವಾರ, ಬಜೆಟ್ ದಿನ; ಹಣಕಾಸು ಸಚಿವರ ಭಾಷಣ ನಡೆಯುತ್ತಿರುವಾಗಲೇ ಮಾರುವುದು ಯಾರಿಗೂ ಹಿತವಲ್ಲ, ಆದರೆ ನಿಯಮದಲ್ಲಿ ಬಜೆಟ್‌ಗೆ ವಿನಾಯಿತಿ ಬರೆದಿಲ್ಲ.

ಫೆಬ್ರವರಿಯಲ್ಲಿ ನಿಫ್ಟಿ 5.9% ಬಿದ್ದು 22,125ಕ್ಕೆ ಇಳಿಯಿತು, ಮಧ್ಯಮ ಮತ್ತು ಸಣ್ಣ ಕಂಪನಿಗಳ ಶೇರುಗಳು ಇನ್ನೂ ಜೋರಾಗಿ ಬಿದ್ದವು. ಮಾರ್ಚ್‌ನಲ್ಲಿ ನಿಫ್ಟಿ 6.3% ಎದ್ದಿತು. ಏಳುವಾಗ ನಮ್ಮ ಅರ್ಧ ದುಡ್ಡು ಹೊರಗಿತ್ತು. ಒಳಗಿದ್ದ ಅರ್ಧವೂ ಅಷ್ಟಾಗಿ ಓಡಲಿಲ್ಲ, ಏಕೆಂದರೆ ಜಿಗಿದದ್ದು ಹಿಂದೆ ಚೆನ್ನಾಗಿ ಪೆಟ್ಟು ತಿಂದಿದ್ದ ರಕ್ಷಣಾ ವಲಯದಂಥವು. ಅವು ನಮ್ಮ ಪಟ್ಟಿಯಿಂದ ಆಗಲೇ ಬಿದ್ದುಹೋಗಿದ್ದವು. ಜನವರಿಯಲ್ಲಿ ಬೀಳುವಾಗ ಪೂರ್ತಿ, ಮಾರ್ಚ್‌ನಲ್ಲಿ ಏಳುವಾಗ ಅರ್ಧ: ನಿಫ್ಟಿಗೂ ನಮಗೂ ನಡುವಿನ ವ್ಯತ್ಯಾಸದ ದೊಡ್ಡ ಪಾಲು ಇಷ್ಟೇ. ಆದರೂ ಅರ್ಧಕ್ಕೆ ಇಳಿಸದೆ ಹಾಗೇ ಕೂತಿದ್ದರೆ ತ್ರೈಮಾಸಿಕದ ನಷ್ಟ 13.2% ಆಗುತ್ತಿತ್ತು. ಮಾರ್ಚ್ ಕೈತಪ್ಪಿದ್ದು ಕಣ್ಣಿಗೆ ಕಾಣುತ್ತದೆ, ಫೆಬ್ರವರಿಯಲ್ಲಿ ಉಳಿದದ್ದು ಕಾಣುವುದಿಲ್ಲ.

ನಿಮ್ಮಿಂದ ಹೆಚ್ಚಾಗಿ ಬಂದ ಸಲಹೆ: ತಿಂಗಳ ಕೊನೆಯವರೆಗೆ ಕಾಯುವುದೇಕೆ, ವಾರಕ್ಕೊಮ್ಮೆ ನೋಡಿ. ಲೆಕ್ಕ ಹಾಕಿದ್ದೇವೆ. ವಾರದ ನಿಯಮ ಇದ್ದಿದ್ದರೆ ಜನವರಿ ಎರಡನೇ ವಾರದಲ್ಲೇ ಹೊರಬಂದು ನಷ್ಟ 7.5%ಕ್ಕೆ ನಿಲ್ಲುತ್ತಿತ್ತು. 2.3 ಪರ್ಸೆಂಟ್ ಉಳಿತಾಯ, ಸಣ್ಣ ಮೊತ್ತವಲ್ಲ. ಆದರೆ 2006ರಿಂದ 2024ರವರೆಗಿನ ಬ್ಯಾಕ್‌ಟೆಸ್ಟ್‌ನಲ್ಲಿ ಈಗಿನ ನಿಯಮ 14 ಬಾರಿ ಹೊರಬಂದಿದೆ, ವಾರದ ನಿಯಮ 41 ಬಾರಿ. ಅರ್ಧ ಪೋರ್ಟ್‌ಫೋಲಿಯೊ ಮಾರಿ ಮತ್ತೆ ಕೊಳ್ಳಲು ಎರಡೂ ಕಡೆ 0.1% ಎಸ್‌ಟಿಟಿ, ಕೊಳ್ಳುವಾಗ 0.015% ಸ್ಟ್ಯಾಂಪ್ ಡ್ಯೂಟಿ, ಬ್ರೋಕರೇಜ್, ನಮ್ಮ ಆರ್ಡರಿನಿಂದಲೇ ಬೆಲೆ ಸರಿಯುವ ನಷ್ಟ, ಎಲ್ಲ ಸೇರಿ ಇಡೀ ಖಾತೆಯ ಮೇಲೆ ಸುಮಾರು 0.3% ಹೋಗುತ್ತದೆ. ಹೀಗೆ ವಾರದ ನಿಯಮದ ಗಳಿಕೆ ವರ್ಷಕ್ಕೆ 1.3% ಕಡಿಮೆ. ಅದರಲ್ಲಿ ಖರ್ಚಿನ ಪಾಲು 0.4 ಅಷ್ಟೇ, ಉಳಿದದ್ದು ನಾವು ಹೊರಬಂದ ಮರುವಾರವೇ ಮಾರುಕಟ್ಟೆ ಎದ್ದುಬಿಟ್ಟ ಸಲಗಳ ಬೆಲೆ. ತೆರಿಗೆ ಇದರಲ್ಲಿ ಸೇರಿಲ್ಲ. ಪಿಎಂಎಸ್‌ನಲ್ಲಿ ಶೇರುಗಳು ನಿಮ್ಮ ಹೆಸರಿನಲ್ಲೇ ಇರುವುದರಿಂದ ಪ್ರತಿ ಮಾರಾಟದ ಅಲ್ಪಾವಧಿ ಲಾಭಕ್ಕೆ 20% ತೆರಿಗೆ ನಿಮ್ಮ ರಿಟರ್ನ್‌ನಲ್ಲೇ ಬರುತ್ತದೆ.

ಒಟ್ಟು 12 ಬಗೆಯ ಫಿಲ್ಟರ್ ಹಾಕಿ ನೋಡಿದೆವು: 100 ದಿನದ ಸರಾಸರಿ, ದಿನಕ್ಕೊಮ್ಮೆ ತಪಾಸಣೆ, ಒಂದೇ ತಿಂಗಳಿನ ಸೂಚನೆ, ಹೀಗೆ. ಈ ತ್ರೈಮಾಸಿಕದಲ್ಲಿ ಅವುಗಳಲ್ಲಿ 9 ನಮಗಿಂತ ಚೆನ್ನಾಗಿದ್ದವು. ಇಡೀ ಅವಧಿಗೆ ನೋಡಿದರೆ ಚೆನ್ನಾಗಿರುವುದು 2, ಆ ಎರಡೂ ಈ 9ರಲ್ಲಿ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ಯಾವ ಬಾಗಿಲು ತೆರೆದಿತ್ತು ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ಮುಂದಿನ ಸಲ ಶತ್ರು ಅದೇ ಬಾಗಿಲಿಗೆ ಬರುತ್ತಾನೆಯೇ ಎಂಬುದು ಗೊತ್ತಿರುವುದಿಲ್ಲ.

ಹಾಗೆಂದು ನಿಯಮಗಳು ಶಾಸನವಲ್ಲ. ಮರುಪರಿಶೀಲನೆಗೆ ಯಾವಾಗ ಕೂರಬೇಕು ಎಂಬುದನ್ನು ನಿಮ್ಮ ಒಪ್ಪಂದದ ಅನುಬಂಧದಲ್ಲೇ ಬರೆದಿದ್ದೇವೆ, ನಷ್ಟವಿಲ್ಲದ ಕಾಲದಲ್ಲಿ ಬರೆದದ್ದು. ಡ್ರಾಡೌನ್ ಬ್ಯಾಕ್‌ಟೆಸ್ಟ್‌ನ ಅತಿ ಕೆಟ್ಟ ಅಂಕಿಯಾದ 34%ಅನ್ನು ದಾಟಬೇಕು: ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ ನಮ್ಮದು 18.4%. ನಿಜ ಖಾತೆಗೂ ಮಾದರಿಗೂ ಅಂತರ ತ್ರೈಮಾಸಿಕಕ್ಕೆ 1% ದಾಟಬೇಕು: ಈ ಬಾರಿ 0.3%. ಅಥವಾ ವಹಿವಾಟಿನ ವ್ಯವಸ್ಥೆಯೇ ಬದಲಾಗಬೇಕು, ತೆರಿಗೆಯೋ ಸೆಟಲ್‌ಮೆಂಟೋ. ಮೂರೂ ಆಗಿಲ್ಲ. ಮಾರುಕಟ್ಟೆ ನಮ್ಮ ಊಹೆಯ ಒಳಗೇ ಕೆಟ್ಟದಾಗಿ ನಡೆದುಕೊಂಡಿದೆ.

ಒಂದು ಕಡೆ ಮಾತ್ರ ತಪ್ಪು ನಮ್ಮದೇ. ಫೆಬ್ರವರಿ 3ರಂದು ಮಾರಬೇಕಿದ್ದ ಎರಡು ಶೇರುಗಳು ಲೋವರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡವು. ಕೊಳ್ಳುವವರಿಲ್ಲದೆ ಫೆಬ್ರವರಿ 7ರವರೆಗೆ ಎಳೆಯಿತು, 0.14% ಹೋಯಿತು. ಫ್ಯೂಚರ್ಸ್ ಇರುವ ಶೇರುಗಳಿಗೆ ಸ್ಥಿರ ಬೆಲೆ ಮಿತಿ ಇರುವುದಿಲ್ಲ, ಉಳಿದವಕ್ಕೆ ಇರುತ್ತದೆ. ನಿಗಾ ಪಟ್ಟಿಗೆ ಸೇರಿದರೆ ಅದು 5%ಕ್ಕೂ ಇಳಿಯಬಹುದು. ಈ ಎರಡು ಶೇರುಗಳ ಮಿತಿ 5% ಆಗಿ ಮೂರು ವಾರವಾಗಿತ್ತು, ನಮ್ಮ ಆರ್ಡರ್ ಪಟ್ಟಿ ಅದನ್ನು ನೋಡುತ್ತಿರಲಿಲ್ಲ. ಈ ತಿಂಗಳಿಂದ ಅಂಥವನ್ನು ಮೊದಲ ದಿನ ಬೆಳಿಗ್ಗೆಯೇ ಮಾರಾಟದ ಸಾಲಿನ ಮುಂದಕ್ಕೆ ತರುತ್ತೇವೆ. ಇದು ಮಾರುವ ವಿಧಾನದ ತಿದ್ದುಪಡಿ. ಯಾವುದನ್ನು ಮಾರಬೇಕು ಎಂಬ ನಿಯಮ ಹಾಗೇ ಇದೆ.

ಮಾರ್ಚ್ ಕೊನೆಯಲ್ಲೂ ನಿಫ್ಟಿ ಸರಾಸರಿಗಿಂತ ಕೆಳಗೇ ಇದೆ, ಆದ್ದರಿಂದ ಏಪ್ರಿಲ್ ಪೂರ್ತಿ ಅರ್ಧ ದುಡ್ಡು ಲಿಕ್ವಿಡ್ ಫಂಡ್‌ನಲ್ಲೇ. ಅಮೆರಿಕ ಪ್ರಕಟಿಸಿರುವ ಹೊಸ ಸುಂಕಗಳಿಗೆ ನಿಯಮದಲ್ಲಿ ಜಾಗವಿಲ್ಲ. ಅವು ಬೆಲೆಯಲ್ಲಿ ಕಂಡಾಗಲೇ ನಮಗೂ ಕಾಣುವುದು. ಖಾತೆ ಹಿಂದಿನ ಗರಿಷ್ಠ ಮಟ್ಟ ದಾಟುವವರೆಗೆ ಲಾಭಪಾಲಿನ ಶುಲ್ಕ ಇಲ್ಲ, 1.5% ನಿಗದಿ ಶುಲ್ಕ ಮಾತ್ರ. 18% ಇಳಿಕೆ ನೋಡಿ ನಿದ್ದೆ ಕೆಟ್ಟವರು ಹೂಡಿಕೆಯ ಮೊತ್ತ ಕಡಿಮೆ ಮಾಡಿಕೊಳ್ಳಿ, ನಮಗೆ ಬೇಸರವಿಲ್ಲ. ಒಂದು ವರ್ಷ ತುಂಬಿದ ಖಾತೆಗೆ ಎಕ್ಸಿಟ್ ಲೋಡ್ ಇಲ್ಲ, ಆದರೆ ಪಿಎಂಎಸ್‌ನ 50 ಲಕ್ಷದ ಕನಿಷ್ಠ ಮಿತಿಯ ಬಗ್ಗೆ ಮೊದಲು ನಮ್ಮೊಡನೆ ಮಾತಾಡಿ. 12 ಫಿಲ್ಟರ್‌ಗಳ ಪೂರ್ತಿ ಲೆಕ್ಕವನ್ನು ಏಪ್ರಿಲ್ 12ರ ಶನಿವಾರ ಬೆಳಿಗ್ಗೆ 11ಕ್ಕೆ ಜಯನಗರದ ಕಚೇರಿಯಲ್ಲಿ ಪರದೆಯ ಮೇಲೆ ತೆರೆದಿಡುತ್ತೇವೆ. ನಿಮ್ಮ ಖಾತೆಯ ವರದಿ ತನ್ನಿ.

ವಂದನೆಗಳೊಂದಿಗೆ,
ಫಂಡ್ ಮ್ಯಾನೇಜರ್