ಕಾರೇಕೊಪ್ಪದಿಂದ ಪಡುವಣಕ್ಕೆ: ನಡಿಗೆ ಮತ್ತು ಹುಡುಕಾಟದ ನಿಯಮಗಳು

ನಮ್ಮ ಈ ದಾಳದ ಆಟದ ಕಥೆ 1763ರ ಮಳೆಗಾಲದ್ದು. ಹೈದರಾಲಿ ಬಿದನೂರು ಹಿಡಿದು ಕೆಲವೇ ತಿಂಗಳಾಗಿದೆ. ಊರು ಬಿಟ್ಟ ಎಷ್ಟೋ ಜನ ಕಾಡು ಸೇರಿದ್ದಾರೆ. ನಿಮ್ಮ ತಂಡ ಕವಲೇದುರ್ಗದಾಚೆಯ ಕಾರೇಕೊಪ್ಪದಲ್ಲಿ ಬಿಡಾರ ಹೂಡಿದೆ. (ಈ ಊರು ನಾನೇ ಕಟ್ಟಿದ್ದು, ಹುಡುಕಬೇಡಿ.) ಅಲ್ಲಿಂದ ಮುಂದಕ್ಕೆ ನಕ್ಷೆ ಇಲ್ಲ. ಎಲ್ಲಿಗೆ, ಯಾಕೆ ಹೋಗಬೇಕು ಅನ್ನುವುದು ನಿಮಗೇ ಬಿಟ್ಟದ್ದು.

ಮನೆ ಮತ್ತು ಜಾವ

ಹಾಳೆಯ ಮೇಲೆ ಆರು ಮೂಲೆಯ ಮನೆಗಳಿವೆ. ಒಂದು ಮನೆ ಅಂದರೆ ಒಂದು ಹರದಾರಿ, ಸುಮಾರು 5 ಕಿಲೋಮೀಟರ್. ಹಿಂದಿನ ಆಟದಲ್ಲಿ ಇದರ ಎರಡರಷ್ಟು ದೊಡ್ಡ ಮನೆ ಇಟ್ಟಿದ್ದೆ. ಮಧ್ಯಾಹ್ನದ ಊಟದೊಳಗೆ ಎಲ್ಲರೂ ಘಾಟಿ ಇಳಿದು ಸಮುದ್ರ ನೋಡುತ್ತಾ ನಿಂತಿದ್ದರು! ಈ ಸಲ ದೂರವನ್ನು ಲೆಕ್ಕ ಹಾಕುವುದು ಹೊತ್ತಿನಲ್ಲಿ.

ಹಗಲಿಗೆ ನಾಲ್ಕು ಜಾವ, ಜಾವಕ್ಕೆ 3 ಗಂಟೆ. ಒಂದು ಮನೆ ದಾಟಲು ಬೇಕಾದ ಹೊತ್ತು:

ಗಾಡಿದಾರಿ ಅಥವಾ ಗದ್ದೆ ಬಯಲು: 1 ಜಾವ
ಬ್ಯಾಣ, ಕುರುಚಲು ಗುಡ್ಡ: 1 ಜಾವ
ಕಾನು: 2 ಜಾವ
ಘಾಟಿಯ ಇಳಿಜಾರು: 3 ಜಾವ

ಮಳೆ ಹಿಡಿದರೆ ಗಾಡಿದಾರಿ ಬಿಟ್ಟು ಉಳಿದದ್ದಕ್ಕೆಲ್ಲ ಇನ್ನೊಂದು ಜಾವ ಸೇರಿಸಿ. ಕೊನೆಯ ಜಾವ ಗುಡಿಸಲು ಹಾಕಿ ಬೆಂಕಿ ಹಚ್ಚುವುದಕ್ಕೆ. ಅದರಲ್ಲೂ ನಡೆದರೆ ಎಲ್ಲರಿಗೂ 1 ದಣಿವು. ದಣಿವು 3 ಆದರೆ ಪ್ರತಿ ದಾಳದಲ್ಲೂ ಒಂದು ಕಳೆಯಿರಿ. 5 ಆದರೆ ನಡಿಗೆ ನಿಂತಿತು. ಒಣಗಿದ ಜಾಗದಲ್ಲಿ ಬೆಂಕಿ ಪಕ್ಕ ಮಲಗಿದರೆ ರಾತ್ರಿಗೆ 1 ಇಳಿಯುತ್ತದೆ. ಒದ್ದೆಯಲ್ಲಿ ಮಲಗಿದರೆ ಇಳಿಯಲ್ಲ.

ಮಳೆ

ಬೆಳಗ್ಗೆ ಒಂದು ದಾಳ. ಮೃಗಶಿರದಲ್ಲಿ 4ರ ಮೇಲೆ ಬಿದ್ದರೆ ಮಳೆ. ಆರಿದ್ರಾ, ಪುನರ್ವಸು, ಪುಷ್ಯದಲ್ಲಿ 2ರ ಮೇಲೆ ಬಿದ್ದರೇ ಸಾಕು. ಇದು ಜಾಸ್ತಿ ಆಯ್ತು ಅಂತ ಯಾರೋ ಗೊಣಗಿದರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ನಾನು ದಯೆ ತೋರಿಸಿದ್ದೇನೆ.

ಮಳೆಯಲ್ಲಿ ಕಾನು ಹೊಕ್ಕರೆ ಉಂಬಳ ಬಿಡಲ್ಲ. ಉಪ್ಪು ಅಥವಾ ಹೊಗೆಸೊಪ್ಪು ಕಾಲಿಗೆ ಸವರಿಕೊಳ್ಳದವರಿಗೆ ದಿನಕ್ಕೆ 1 ದಣಿವು. ಹಳ್ಳ ದಾಟಿದರೆ ಸವರಿದ್ದೂ ತೊಳೆದುಹೋಗುತ್ತದೆ. ಕಂಬಳಿಕೊಪ್ಪೆ ಅಥವಾ ಗೊರಬು ಇದ್ದರೆ ಅಕ್ಕಿ ಒದ್ದೆಯಾಗಲ್ಲ. ಇಲ್ಲದಿದ್ದರೆ ಗಂಟಿನ ಅರ್ಧ ಅಕ್ಕಿ ಮೂರನೇ ದಿನಕ್ಕೆ ಮುಗ್ಗಲು. ಊಟ ತಲೆಗೆ ದಿನಕ್ಕೆ ಅರ್ಧ ಸೇರು. ಒಬ್ಬರು ಐದು ಸೇರಿಗಿಂತ ಹೆಚ್ಚು ಹೊರುವ ಹಾಗಿಲ್ಲ.

ಹಳ್ಳ

ಮಳೆ ಬಂದ ದಿನ ಪ್ರತಿ ಹಳ್ಳಕ್ಕೂ ದಾಳ ಹಾಕಿ. 1–2 ಮೊಳಕಾಲು, ಸುಮ್ನೆ ದಾಟಿ. 3–4 ಸೊಂಟ, ಬಳ್ಳಿ ಕಟ್ಟಿಕೊಂಡು ದಾಟಿ. 5–6 ಕತ್ತು. ಆಗ ಒಂದು ಜಾವ ಕಾದು ಮತ್ತೆ ಹಾಕಬಹುದು. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ. ಇಲ್ಲವೇ ಅಷ್ಟೇ ಹೊತ್ತು ಕೊಟ್ಟು ಅಡಿಕೆಮರದ ಸಂಕ ಹುಡುಕಿ. 4ರ ಮೇಲೆ ಬಿದ್ದರೆ ಸಿಗುತ್ತದೆ. ಸಂಕ ಇದ್ದಲ್ಲಿ ಹತ್ತಿರದಲ್ಲೇ ಒಂದು ಒಲೆಯೂ ಉರಿಯುತ್ತಿರುತ್ತದೆ.

ದಾರಿ ತಪ್ಪುವುದು

ಕಾನಿನಲ್ಲಿ ಪ್ರತಿ ಮನೆಗೂ ಆಟ ನಡೆಸುವ ಜಿಎಂ ಗುಟ್ಟಾಗಿ ದಾಳ ಹಾಕುತ್ತಾರೆ. 1–2 ಬಿದ್ದರೆ ಪಕ್ಕದ ಮನೆಗೆ ಹೋದಿರಿ. ಮಳೆಯಲ್ಲಿ 3ಕ್ಕೂ ತಪ್ಪುತ್ತದೆ. ನಿಮಗೆ ಹೇಳುವುದಿಲ್ಲ. ನಕ್ಷೆ ಬರೆಯುವವರು ನೀವು, ಜಿಎಂ ಅದನ್ನು ತಿದ್ದುವ ಹಾಗಿಲ್ಲ. ತಪ್ಪು ಗೊತ್ತಾಗುವುದು, ಬಲಕ್ಕಿರಬೇಕಿದ್ದ ಗುಡ್ಡ ಎದುರಿಗೆ ಬಂದು ನಿಂತಾಗ.

ಹಳ್ಳ ಹಿಡಿದು ಇಳಿದರೆ ದಾಳ ಬೇಡ, ದಾರಿ ತಪ್ಪಲ್ಲ. ಆದರೆ ನೀರು ಯಾವ ಕಡೆಗೆ ಹರಿಯುತ್ತಿದೆ ನೋಡಿಕೊಳ್ಳಿ. ತುಂಗೆಯ ಕಡೆಯದಾದರೆ ಗದ್ದೆ ಸಿಗುತ್ತದೆ. ವಾರಾಹಿಯ ಕಡೆಯದಾದರೆ ಇವತ್ತಲ್ಲ ನಾಳೆ ಕಾಲಡಿಗೆ ಅಬ್ಬಿ, ಕೆಳಗೆ ಬರೀ ಮಂಜು.

ಊರಿನವರನ್ನು ದಾರಿ ಕೇಳಬಹುದು. ಕೇಳಲೇಬೇಕು. "ಇಲ್ಲೇ ಮಾರಾಯ್ರೆ, ಒಂದು ಕೂಗಳತೆ" ಅಂದರೆ ಜಿಎಂ ದಾಳ ಹಾಕಿ, ಬಿದ್ದಷ್ಟು ಕೂಗಳತೆ ಅಂತ ಹಿಡಿಯುತ್ತಾರೆ. ಹೇಳಿದವರು ಸುಳ್ಳು ಹೇಳಿಲ್ಲ, ಅವರ ಕಾಲಿಗೆ ಅದು ಒಂದೇ. ಅವರ ಅಂಗಳದಲ್ಲಿ ಕೂತು ಬೆಲ್ಲ ನೀರು ಕುಡಿದು ಊರಿನ ಸುದ್ದಿ ಹೇಳಿದರೆ ಒಂದು ಜಾವ ಹೋಗುತ್ತದೆ. ಬದಲಿಗೆ ಹಾಳೆಯ ಮೇಲೆ ಪಕ್ಕದ ಒಂದು ಮನೆಯಲ್ಲಿ ಏನಿದೆ ಅಂತ ಸರಿಯಾಗಿ ತಿಳಿಯುತ್ತದೆ.

ಎದುರಾಗುವುದು

ಜಾವಕ್ಕೊಂದು ದಾಳ, 1 ಬಿದ್ದರೆ ಏನೋ ಇದೆ. ಮೊದಲು ಗುರುತು ಮಾತ್ರ ಹೇಳಬೇಕು: ಬಿಸಿ ಸಗಣಿ, ಮುರಿದ ಬಿದಿರು, ಯಾರೋ ಆರಿಸಿದ ಒಲೆ. ಕಾಟಿ, ಹುಲಿ, ಕಾಳಿಂಗ ಮೂರಕ್ಕೂ ನಿಮ್ಮ ಹತ್ತಿರ ಬರುವ ಆಸೆ ಇಲ್ಲ. ಹಿಂದೆ ಸರಿದರೆ ಜಗಳ ಇಲ್ಲ. ಮನುಷ್ಯರ ಮಾತು ಬೇರೆ. ಅವರಲ್ಲಿ ಬಿದನೂರಿಂದ ಓಡಿ ಬಂದವರಿದ್ದಾರೆ, ಅವರನ್ನು ಹುಡುಕುತ್ತಾ ಬಂದವರೂ ಇದ್ದಾರೆ.

ಒಂದು ಮನೆ ಪೂರ್ತಿ ಜಾಲಾಡಲು ಎರಡು ಜಾವ. ಪ್ರತಿ ಮನೆಯಲ್ಲೂ ಕಣ್ಣಿಗೆ ಬೀಳುವುದು ಒಂದು, ಅಡಗಿದ್ದು ಒಂದು. ಚೌಡಿಯ ಕಲ್ಲಿಗೆ ಕೈಮುಗಿಯದೆ ಮುಂದೆ ಹೋದರೆ ಏನಾಗುತ್ತದೆ ಅಂತ ಇಲ್ಲಿ ಬರೆದಿಲ್ಲ. ಬೇಕಂತಲೇ.

ಪ್ರತಿ ಭಾನುವಾರ ರಾತ್ರಿ 8ಕ್ಕೆ ಆಟ ನಿಲ್ಲುತ್ತದೆ. ಅಷ್ಟರಲ್ಲಿ ಕಾರೇಕೊಪ್ಪಕ್ಕೆ ವಾಪಸ್ ಬಂದಿರಬೇಕು. ಬರದಿದ್ದರೆ ತಲೆಗೊಂದು ದಾಳ: 1 ಬಿದ್ದವರು ಮುಂದಿನ ವಾರ ಆಡುವುದಿಲ್ಲ, ಉಳಿದವರು ಅವರನ್ನು ಹುಡುಕಲು ಹೊರಡುತ್ತಾರೆ.