ಯೋಹಾನ 5:4 ಮೂಲದಲ್ಲಿ ಇತ್ತೇ, ಸರ್?

ಗುಬ್ಬಿ, ತುಮಕೂರು ಜಿಲ್ಲೆ
15 ಮೇ 2024

ಪ್ರೀತಿಯ ಸರ್ ಅವರಿಗೆ,

ಕ್ರಿಸ್ತ ಯೇಸುವಿನಲ್ಲಿ ವಂದನೆಗಳು. ರಜೆಗೆ ಊರಿಗೆ ಬಂದು ಎರಡು ವಾರವಾಯಿತು. ಕಾಲೇಜು ತೆರೆಯುವವರೆಗೆ ಕಾಯಬಹುದಿತ್ತು, ಆದರೆ ಈ ವಿಷಯ ತಡೆದುಕೊಳ್ಳಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಹತ್ತಿರದ ಊರಿನ ಒಂದು ಕೂಟಕ್ಕೆ ಹೋಗಿದ್ದೆವು. ಹೊರಗಿನಿಂದ ಬಂದಿದ್ದ ಪ್ರಸಂಗಿಗಳು ಬೇತೆಸ್ದ ಕೊಳದ ಮೇಲೆ ಮಾತಾಡಿದರು. ಆಗಾಗ ದೇವದೂತನು ಇಳಿದು ನೀರನ್ನು ಕಲಕುತ್ತಿದ್ದ, ಆಮೇಲೆ ಮೊದಲು ಇಳಿದವನಿಗೆ ಎಂಥ ರೋಗವಿದ್ದರೂ ವಾಸಿಯಾಗುತ್ತಿತ್ತು ಎಂಬ ವಚನವನ್ನು ಮೂರು ಸಲ ಓದಿಸಿದರು. ಕೊನೆಗೆ, 'ನಿಮಗೆ ಯಾಕೆ ವಾಸಿಯಾಗಿಲ್ಲ? ನೀರು ಕಲಕಿದಾಗ ನೀವು ಹಿಂದೆ ಉಳಿದಿರಿ' ಅಂದರು.

ನಮ್ಮ ಪಕ್ಕದ ಮನೆಯ ಅಕ್ಕ ಮುಂದಿನ ಸಾಲಿನಲ್ಲೇ ಇದ್ದರು. ಅವರ ಮಗನಿಗೆ ಹುಟ್ಟಿದಾಗಿನಿಂದ ನಡೆಯಲು ಬರುವುದಿಲ್ಲ. ಹನ್ನೊಂದು ವರ್ಷದ ಹುಡುಗ, ಅವನನ್ನು ಎತ್ತಿಕೊಂಡೇ ಬಂದಿದ್ದರು. ಬಸ್ಸಿನಲ್ಲಿ ಬರುವಾಗ ಅವರು ಒಂದೇ ಮಾತು ಕೇಳಿದರು: 'ನಾನೇ ತಡ ಮಾಡಿದೆನೇನಪ್ಪಾ?' ನನಗೆ ಉತ್ತರ ಬರಲಿಲ್ಲ.

ಮನೆಗೆ ಬಂದು ನನ್ನ ಸತ್ಯವೇದ ತೆರೆದರೆ 3ನೇ ವಚನ ಆದ ಮೇಲೆ ನೇರವಾಗಿ 5 ಬರುತ್ತದೆ, ನಾಲ್ಕನೆಯದು ಕೆಳಗೆ ಟಿಪ್ಪಣಿಯಲ್ಲಿದೆ. ಅಜ್ಜಿಯ ಹಳೇ ಪ್ರತಿಯಲ್ಲಿ ಪೂರ್ತಿ ಇದೆ. ಅಜ್ಜಿ ಗಾಬರಿಯಾಗಿ, 'ಯಾರು ತೆಗೆದರು?' ಎಂದು ಕೇಳಿದರು. ಯಾರೂ ತೆಗೆದಿಲ್ಲ, ಯಾರೋ ಸೇರಿಸಿರಬಹುದು ಎನ್ನುವುದನ್ನು ಅವರಿಗೆ ಹೇಗೆ ಹೇಳಲಿ?

ತರಗತಿಯ ನೋಟ್ಸ್ ತೆಗೆದು ನೋಡಿದೆ. ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಹಳೇ ಗ್ರೀಕ್ ಹಸ್ತಪ್ರತಿಗಳನ್ನು ನೋಡಿದರೆ, ಬೋದ್ಮೆರ್ ಪಪೈರಸ್‌ಗಳಾದ 66 ಮತ್ತು 75ರಲ್ಲಿ ಈ ವಚನ ಇಲ್ಲ. ಸಿನಾಯ್, ವ್ಯಾಟಿಕನ್ ಪ್ರತಿಗಳಲ್ಲೂ ಇಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ಎರಡು ಪ್ರತಿಗಳು. ಬೇಜಾ ಪ್ರತಿಯಲ್ಲಿ 3ನೇ ವಚನದ ಕೊನೆಯ ಮಾತು, ಅಂದರೆ ರೋಗಿಗಳು ನೀರು ಅಲುಗುವುದನ್ನು ಕಾಯುತ್ತಿದ್ದರು ಎಂಬುದು ಇದೆ, ದೇವದೂತನ ಮಾತಿಲ್ಲ. ಅಲೆಕ್ಸಾಂದ್ರಿಯ ಪ್ರತಿಯಲ್ಲಿ ಇದಕ್ಕೆ ತಿರುಗಾಮುರುಗಾ: ದೇವದೂತನಿದ್ದಾನೆ, ಆ ಕಾಯುವ ಮಾತು ಮೊದಲು ಬರೆದಾಗ ಇರಲಿಲ್ಲ. ಹಾಗಾದರೆ ಇವು ಬೇರೆ ಬೇರೆಯಾಗಿ ಬಂದು ಸೇರಿದ ಎರಡು ತುಂಡುಗಳು, ಅಲ್ವಾ ಸರ್? ಮೂಲದಲ್ಲೇ ಒಟ್ಟಿಗೆ ಇದ್ದಿದ್ದರೆ ಹೀಗೆ ಅಡ್ಡಾದಿಡ್ಡಿ ಬಿಟ್ಟುಹೋಗುವುದು ಕಷ್ಟ ಅನ್ನಿಸುತ್ತದೆ.

ಆದರೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಸುಮಾರು ಕ್ರಿ.ಶ. 200ರ ಹೊತ್ತಿಗೇ ಆದಿಸಭೆಯ ಲೇಖಕರಾದ ತೆರ್ತುಲ್ಲಿಯನ್ ದೀಕ್ಷಾಸ್ನಾನದ ಬಗ್ಗೆ ಬರೆಯುವಾಗ ನೀರನ್ನು ಕಲಕುವ ಈ ದೇವದೂತನ ಮಾತು ತರುತ್ತಾರೆ. ಅಂದರೆ ಕಥೆ ನಮ್ಮ ಹಳೆಯ ಪಪೈರಸ್‌ಗಳಷ್ಟೇ ಹಳೆಯದು. ಇದಕ್ಕೆ ಎಷ್ಟು ತೂಕ ಕೊಡಬೇಕು? ಇನ್ನೊಂದು, 7ನೇ ವಚನ. ನೀರು ಕಲಕಿದಾಗ ನನ್ನನ್ನು ಇಳಿಸುವವರಿಲ್ಲ, ನಾನು ಹೋಗುವಷ್ಟರಲ್ಲಿ ಬೇರೆಯವರು ಇಳಿಯುತ್ತಾರೆ ಎಂದು ಆ ಮನುಷ್ಯ ಹೇಳುತ್ತಾನೆ. ನಾಲ್ಕನೇ ವಚನವಿಲ್ಲದೆ ಈ ಮಾತು ಅರ್ಥವಾಗುವುದೇ? ಅರ್ಥವಾಗಲಿಲ್ಲವೆಂದೇ ಯಾರೋ ಪಕ್ಕದಲ್ಲಿ ವಿವರಣೆ ಬರೆದು, ಮುಂದೆ ನಕಲು ಮಾಡಿದವರು ಅದನ್ನು ಒಳಗೆ ಸೇರಿಸಿದರು ಎಂದು ನಾನು ಊಹಿಸುತ್ತೇನೆ. ನಮ್ಮ ಕಡೆಯೂ ಹಳೇ ಕಲ್ಯಾಣಿಗಳ ನೀರಿನ ಬಗ್ಗೆ ಇಂಥ ನಂಬಿಕೆಗಳಿವೆ. ಯೆರೂಸಲೇಮಿನ ಆ ಕೊಳದ ಸುತ್ತಲೂ ಜನ ಹಾಗೆ ಹೇಳಿಕೊಂಡಿರಬಹುದು.

ಸರ್, ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಈ ವಚನ ಮೂಲದಲ್ಲಿ ಇರಬಾರದು ಎಂದು ನನ್ನ ಮನಸ್ಸು ಬಯಸುತ್ತಿದೆ. ಓಡಲಾಗುವವನಿಗೇ ಮೊದಲು ಕರುಣೆ ಸಿಗುತ್ತದೆ ಎನ್ನುವುದನ್ನು ಆ ತಾಯಿಯ ಮುಖ ನೋಡಿದ ಮೇಲೆ ಒಪ್ಪಲು ಆಗುತ್ತಿಲ್ಲ. ಹಾಗಾಗಿ ನನ್ನ ತೀರ್ಮಾನವನ್ನು ನಾನೇ ನಂಬುತ್ತಿಲ್ಲ. ಬೇಡವಾದ ವಚನವನ್ನು ಹಸ್ತಪ್ರತಿಯ ಹೆಸರಿನಲ್ಲಿ ಪಕ್ಕಕ್ಕಿಡುವುದು ತಪ್ಪು ಎಂದು ನೀವೇ ಕಲಿಸಿದ್ದೀರಿ. ಅದಕ್ಕೇ ನನ್ನ ಪುರಾವೆಗಳನ್ನು ಗಟ್ಟಿಯಾಗಿ ಪರೀಕ್ಷಿಸಿ. ಎಲ್ಲಿ ಸುಮ್ನೆ ಒಪ್ಪಿಕೊಂಡಿದ್ದೇನೆ ಅಂತ ತೋರಿಸಿ.

ವಚನ ಇದ್ದರೂ ಇಲ್ಲದಿದ್ದರೂ ಒಂದಂತೂ ಉಳಿಯುತ್ತದೆ. ಮೂವತ್ತೆಂಟು ವರ್ಷ ಮಲಗಿದ್ದವನು ನೀರಿಗೆ ಇಳಿಯಲೇ ಇಲ್ಲ. ಯೇಸು ಅವನ ಬಳಿಗೆ ಬಂದರು. ಇಷ್ಟನ್ನು ನಿನ್ನೆ ಸಂಜೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಹಸ್ತಪ್ರತಿಗಳ ಸುದ್ದಿ ಎತ್ತಲಿಲ್ಲ. ಅದನ್ನೂ ಹೇಳಬೇಕೇ, ಈಗ ಬೇಡವೇ, ನೀವೇ ತಿಳಿಸಿ.

ಜೂನ್ ಮೊದಲ ವಾರದವರೆಗೆ ಇಲ್ಲೇ ಇರುತ್ತೇನೆ. ಚಿಕ್ಕ ಉತ್ತರವಾದರೂ ಸಾಕು. ಅಜ್ಜಿಯೂ ಕಾಯುತ್ತಿದ್ದಾರೆ.

ನಿಮ್ಮ ವಿದ್ಯಾರ್ಥಿ,
ಸ್ಯಾಮುವೆಲ್
ಬಿ.ಡಿ. ಎರಡನೇ ವರ್ಷ