ವಿಷಯ: 4417ರಲ್ಲಿ ಮುಗಿಯುವ ಪೋಸ್ಟ್‌ಪೇಯ್ಡ್ ನಂಬರನ್ನು ಎರಡು ವರ್ಷ ಸೇಫ್ ಕಸ್ಟಡಿಯಲ್ಲಿ ಇಡಲು ವಿನಂತಿ

ಗ್ರಾಹಕ ಸೇವಾ ಅಧಿಕಾರಿಗಳಿಗೆ,
ನಮಸ್ಕಾರ.

ನಾನು ವಿಜಯಪುರದ ಸವಿತಾ ಬಿರಾದಾರ. 4417ರಲ್ಲಿ ಮುಗಿಯುವ ಪೋಸ್ಟ್‌ಪೇಯ್ಡ್ ನಂಬರ್ ನನ್ನ ಹೆಸರಿನಲ್ಲಿದೆ. ಪೂರ್ತಿ ನಂಬರ್, ಆಧಾರ್ ಪ್ರತಿ, ವೀಸಾ ಮತ್ತು ಕಾಲೇಜಿನ ಪ್ರವೇಶ ಪತ್ರ ಈ ಮೇಲ್ ಜೊತೆ ಇವೆ. ಮಾಸ್ಟರ್ಸ್ ಓದಲು ಸೆಪ್ಟೆಂಬರ್ 24, 2026ಕ್ಕೆ ಜರ್ಮನಿಯ ಡ್ರೆಸ್ಡೆನ್‌ಗೆ ಹೊರಡುತ್ತಿದ್ದೇನೆ. ವಾಪಸ್ ಬರುವುದು 2028ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಈ ನಂಬರ್ ಬೇರೆಯವರ ಪಾಲಾಗದಂತೆ ನನ್ನ ಹೆಸರಿನಲ್ಲೇ ಉಳಿಸಿಕೊಡಿ ಎಂದು ಕೇಳಲು ಬರೆಯುತ್ತಿದ್ದೇನೆ.

ಹೊರಡುವ ದಿನದಿಂದಲೇ ಕಸ್ಟಡಿ ಬೇಡ. ಎಜುಕೇಶನ್ ಲೋನಿನ ಮೊದಲ ಕಂತು ಕಾಲೇಜಿಗೆ ಹೋಗುವಾಗ ಬ್ಯಾಂಕಿನ ಓಟಿಪಿ ಇದೇ ನಂಬರಿಗೆ ಬರುತ್ತದೆ. ಆ ಕೆಲಸ ಮುಗಿಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಇರಲಿ, ಎಸ್ಸೆಮ್ಮೆಸ್ ಬಂದರೆ ಸಾಕು. ಅಕ್ಟೋಬರ್ 15ರಿಂದ ಕಸ್ಟಡಿ ಶುರು ಮಾಡಿ. ಆಮೇಲೆ ಕರೆಯಾಗಲಿ ಓಟಿಪಿಯಾಗಲಿ ಬರುವುದಿಲ್ಲ ಎಂದು ನನಗೆ ಗೊತ್ತಿದೆ. ಅಷ್ಟರೊಳಗೆ ಬ್ಯಾಂಕಿನಲ್ಲಿ ಬೇರೆ ನಂಬರ್ ಕೊಡುತ್ತೇನೆ.

ಶುಲ್ಕದ ಬಗ್ಗೆ: ಪೋಸ್ಟ್‌ಪೇಯ್ಡ್ ಸೇಫ್ ಕಸ್ಟಡಿಗೆ ಮೂರು ತಿಂಗಳಿಗೆ 150 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಎಂದು ಟ್ರಾಯ್ ನಿಯಮವಿದೆ. ಎರಡು ವರ್ಷಕ್ಕೆ ಎಂಟು ಸಲ, ಹೆಚ್ಚೆಂದರೆ 1200 ರೂಪಾಯಿ. ಇದನ್ನು ಒಂದೇ ಸಲ ಈಗಲೇ ಕಟ್ಟಲು ಬರುತ್ತದೆಯೇ? ಬರದಿದ್ದರೆ ನನ್ನ ತಮ್ಮ ಮೂರು ತಿಂಗಳಿಗೊಮ್ಮೆ ಇಲ್ಲಿನ ನಿಮ್ಮ ಸ್ಟೋರಿಗೆ ಬಂದು ಕಟ್ಟುತ್ತಾನೆ. ಒಂದು ಕಂತು ತಪ್ಪಿದರೆ ನಂಬರ್ ಕಟ್ ಮಾಡುವ ಮೊದಲು ಈ ಮೇಲ್‌ಗೆ ತಿಳಿಸಿ, ದಯವಿಟ್ಟು. ಆ ನಂಬರಿಗೆ ಎಸ್ಸೆಮ್ಮೆಸ್ ಕಳಿಸಿದರೆ ಅದನ್ನು ಓದುವವರೇ ಇರುವುದಿಲ್ಲ, ಅಲ್ವಾ. ಕಸ್ಟಡಿಯ ದಿನಗಳಲ್ಲಿ ತಿಂಗಳ ಪ್ಲಾನ್ ಬಿಲ್ ಓಡದಂತೆಯೂ ನೋಡಿಕೊಳ್ಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಓಣಿಯ ಕಾಕಾ ಒಬ್ಬರು ಕೆಲಸಕ್ಕೆ ದುಬೈಗೆ ಹೋಗಿದ್ದರು. ಅವರದು ಪ್ರೀಪೇಯ್ಡ್. 90 ದಿನ ಬಳಸದೆ, 20 ರೂಪಾಯಿ ಬ್ಯಾಲೆನ್ಸೂ ಇಡದೆ ಬಿಟ್ಟರೆ ನಂಬರ್ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ರಜೆಗೆ ಬಂದು ನೋಡಿದರೆ ಆ ನಂಬರ್ ಬೇರೆ ಯಾರದೋ ಹೆಸರಿನಲ್ಲಿತ್ತು. ಇವರ ಬ್ಯಾಂಕಿನ ಮೆಸೇಜ್ ಗುರುತಿಲ್ಲದವರ ಫೋನಿಗೆ ಹೋಗುತ್ತಿತ್ತು. ರಜೆಯ ಅರ್ಧ ದಿನ ಬ್ಯಾಂಕಿನ ಸಾಲಿನಲ್ಲೇ ಕಳೆಯಿತು.

ನನ್ನ ನಂಬರಿನ ಮೇಲೆ ಅವ್ವನ ದುಡಿಮೆಯೂ ನಿಂತಿದೆ. 2019ರಲ್ಲಿ ಅವ್ವ ಕಡಕ್ ರೊಟ್ಟಿ ಮಾಡಿ ಮಾರಲು ಶುರು ಮಾಡಿದಾಗ ಪಾಕೀಟಿನ ಮೇಲೆ ಹಾಕಿಸಿದ್ದು ಇದೇ ನಂಬರ್. ಸೊಲ್ಲಾಪುರದಿಂದ, ಪುಣೆಯಿಂದ ಇಂದಿಗೂ ಅದಕ್ಕೇ ಫೋನ್ ಮಾಡುತ್ತಾರೆ. ಈಗ ಅವ್ವನಿಗೆ ಬೇರೆ ಸಿಮ್ ಇದೆ, ಸ್ಕ್ಯಾನರ್ ಕೂಡ ಅವಳದೇ ಖಾತೆಗಿದೆ. ಉಳಿದ ಪಾಕೀಟುಗಳ ಮೇಲೆ ಹಳೆ ನಂಬರಿನ ಕೆಳಗೆ ಹೊಸದನ್ನು ರಬ್ಬರ್ ಸ್ಟ್ಯಾಂಪಿನಿಂದ ಒತ್ತುತ್ತಾ ಕೂತಿದ್ದೇವೆ. ನಿನ್ನೆ ರಾತ್ರಿ ನಾನೂ ತಮ್ಮನೂ ಸೇರಿ ನಾಲ್ಕು ನೂರು ಮುಗಿಸಿದೆವು, ಬೆರಳೆಲ್ಲ ನೀಲಿ. ಆದರೆ ಈಗಾಗಲೇ ಜನರ ಮನೆ ಸೇರಿದ ಪಾಕೀಟಿನ ಮೇಲೆ ಹಳೆಯದೊಂದೇ ಇದೆ.

ಹಾಗಾಗಿ ನನ್ನದೊಂದು ಮುಖ್ಯ ಕೋರಿಕೆ. ಕಸ್ಟಡಿಯಲ್ಲಿ ಇರುವಾಗ ಯಾರಾದರೂ ಕರೆ ಮಾಡಿದರೆ 'ತಾತ್ಕಾಲಿಕವಾಗಿ ಸೇವೆಯಲ್ಲಿಲ್ಲ' ಎಂದು ಕೇಳಿಸಲಿ. 'ಈ ನಂಬರ್ ಅಸ್ತಿತ್ವದಲ್ಲಿಲ್ಲ' ಎಂದು ಬಂದರೆ ರೊಟ್ಟಿ ಕೆಲಸವೇ ನಿಂತಿತು ಎಂದು ಗಿರಾಕಿಗಳು ತಿಳಿಯುತ್ತಾರೆ. ನಿಮ್ಮ ಕಡೆಯಿಂದ ಯಾವ ಧ್ವನಿ ಸಂದೇಶ ಬರುತ್ತದೆ ಎಂದು ಮೊದಲೇ ತಿಳಿಸಿದರೆ ಬಾಯ್ಮಾತಿನಲ್ಲಿ ಎಲ್ಲರಿಗೂ ಹೇಳಿಡುತ್ತೇವೆ.

ಇನ್ನೊಂದು. ನಾನು ಊರಿನಲ್ಲಿ ಇಲ್ಲದಾಗ ಯಾರೇ ಬಂದು ಡೂಪ್ಲಿಕೇಟ್ ಸಿಮ್ ಕೇಳಿದರೂ, ಪೋರ್ಟ್ ಮಾಡಲು ಬಂದರೂ ಕೊಡಬೇಡಿ. ತಮ್ಮನಿಗೆ ಹಣ ಕಟ್ಟುವ ಅಧಿಕಾರ ಮಾತ್ರ ಇದೆ. ಸಿಮ್ ಕಾರ್ಡನ್ನು ನನ್ನ ಜೊತೆಗೇ ಒಯ್ಯುತ್ತೇನೆ. ವಾಪಸ್ ಬಂದಾಗ ಇದೇ ಸಿಮ್ ಚಾಲೂ ಆಗುತ್ತದೆಯೋ, ಹೊಸದು ತೆಗೆದುಕೊಳ್ಳಬೇಕೋ, ಅದಕ್ಕೆ ಯಾವ ಕಾಗದ ಬೇಕು ಎಂದೂ ತಿಳಿಸಿ.

ಸೆಪ್ಟೆಂಬರ್ 18ರೊಳಗೆ ರಿಕ್ವೆಸ್ಟ್ ನಂಬರ್ ಸಮೇತ ಲಿಖಿತ ಉತ್ತರ ಬಂದರೆ ದೊಡ್ಡ ಉಪಕಾರವಾಗುತ್ತದೆ. ಸಹಿ ಬೇಕಿದ್ದರೆ 22ರವರೆಗೆ ವಿಜಯಪುರದಲ್ಲೇ ಇರುತ್ತೇನೆ, ಕರೆದ ದಿನ ಸ್ಟೋರಿಗೆ ಬರುತ್ತೇನೆ.

ಇಂತಿ,
ಸವಿತಾ ಬಿರಾದಾರ
ವಿಜಯಪುರ